ಭುಜಂಗರಾಯರು ಬರೆದ ಒಪ್ಪಿಗೆ ಪತ್ರ

ಕಾಸರಗೋಡಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಹಂಚಿನ ಜಗಲಿಯಲ್ಲಿ ಭುಜಂಗರಾಯರು ಇಪ್ಪತ್ತೊಂಬತ್ತು ವರ್ಷ ದಸ್ತಾವೇಜು ಬರೆದರು. ಕೋರ್ಟಿಗೂ ಅಲ್ಲಿಂದ ನಾಲ್ಕು ಹೆಜ್ಜೆ. ಜಗಲಿಯಲ್ಲಿ ಇನ್ನೂ ಮೂವರು ಬರೆಯುವವರಿದ್ದರು. ಆದರೆ ಕುಂಬಳೆಯಿಂದ, ಮುಳ್ಳೇರಿಯದಿಂದ, ದೇಲಂಪಾಡಿಯಿಂದ ನಡೆದು ಬಂದವರು ಮೊದಲು ಕೇಳುತ್ತಿದ್ದದ್ದು ರಾಯರು ಬಂದಿದ್ದಾರೆಯೇ ಎಂದು. ಅವರ ಅಕ್ಷರ ದುಂಡಗೆ, ಸಾಲು ನೇರ. ಚಿತ್ತಿಲ್ಲ, ಕಾಟಿಲ್ಲ. ಜಾಗದ ನಾಲ್ಕು ಗಡಿಯನ್ನು ಬರೆಯುವ ಮೊದಲು ಎರಡು ಸಲ ಬಾಯಲ್ಲಿ ಹೇಳಿಸಿ, ಮೂರನೆಯ ಸಲ ತಾವೇ ಹೇಳಿ ಒಪ್ಪಿಸಿಕೊಳ್ಳುತ್ತಿದ್ದರು. "ನನ್ನ ಕಾಗದ ಇದುವರೆಗೆ ಒಂದೂ ಕೋರ್ಟಿನಲ್ಲಿ ಬಿದ್ದದ್ದಿಲ್ಲ" ಎಂದು ಅವರು ಹೇಳುವುದಿತ್ತು. ಅದು ಜಂಬವಲ್ಲ. ಸಾವಿರದ ಒಂಬೈನೂರ ನಲವತ್ತೇಳರವರೆಗೆ ಅದು ನಿಜವೇ ಆಗಿತ್ತು.

ಸುಂದರಿ ಅವರ ಬಳಿ ಬಂದದ್ದು ನಲವತ್ತನೆಯ ಇಸವಿಯ ಫೆಬ್ರವರಿಯಲ್ಲಿ. ಅವಳು ಸೂಲಗಿತ್ತಿ. ಚಂದ್ರಗಿರಿ ಹೊಳೆಯ ಈಚೆ ದಡದ ಮನೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಅವಳ ಕೈಗೇ ಮೊದಲು ಬಿದ್ದವು. ರಾಯರ ಇಬ್ಬರು ಹೆಣ್ಣುಮಕ್ಕಳೂ ಹಾಗೆಯೇ. ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ಕಮಲ; ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಅವಳ ಎಡಗಾಲು ಒಣಗಿಹೋಗಿತ್ತು. ಕಮಲ ಕೂತಲ್ಲಿಯೇ ತೆಂಗಿನ ನಾರು ಹೊಸೆದು ಹುರಿ ಮಾಡುತ್ತಿದ್ದಳು. ತಾಯಿ ಮಗಳು ಇದ್ದದ್ದು ಇನ್ನೊಬ್ಬರ ಹಿತ್ತಿಲಿನ ಗುಡಿಸಲಿನಲ್ಲಿ. ಹಿತ್ತಿಲಿನ ಯಜಮಾನ ಸತ್ತ ಮೇಲೆ ಅವನ ಮಕ್ಕಳು ಜಾಗ ಬಿಡಲು ಹೇಳಿದ್ದರು.

"ನಾನು ಎಲ್ಲಿಯಾದರೂ ಬಿದ್ದುಕೊಂಡೇನು ರಾಯರೇ. ಮಗಳಿಗೆ ಒಂದು ಸೂರು ಬೇಕು" ಎಂದಳು ಸುಂದರಿ. "ಹೊಳೆಬದಿಯ ಪ್ರೇಮನಾಥನ ಜಾಗ ಉಂಟಲ್ಲ, ಮೂವತ್ತು ಸೆಂಟ್ಸು. ಅವನು ಕೊಡ್ತಾನಂತೆ."

ಪ್ರೇಮನಾಥ ಅವಳ ಜತೆಯಲ್ಲೇ ಬಂದಿದ್ದ. ಎತ್ತರದ ಆಳು, ಮೂಗಿನ ಕೆಳಗೆ ಕಪ್ಪಗೆ ಮೀಸೆ. ಆ ಜಾಗವನ್ನು ಅವನ ಅಪ್ಪ ತನ್ನ ಸ್ವಂತ ದುಡಿಮೆಯಿಂದ ಕೊಂಡು ಮಗನ ಹೆಸರಿಗೇ ಬರೆಸಿದ್ದ. ಅಪ್ಪ, ಅಮ್ಮ ಇಬ್ಬರೂ ಒಂದೇ ಮಳೆಗಾಲದಲ್ಲಿ ವಾಂತಿಭೇದಿಗೆ ಹೋದರು. ಇವನನ್ನು ನೋಡಿಕೊಳ್ಳುವವರು ಅಂತ ಯಾರೂ ಇರಲಿಲ್ಲ. ಬೊಂಬಾಯಿಗೆ ಹೋಗಿ ಹೋಟೆಲು ಸೇರಬೇಕೆಂದು ಅವನ ಆಸೆ. ಸುಂದರಿ ಕೊರಳಿನ ಸರ ಮಾರಿ ಬೆಲೆ ಹೊಂದಿಸಿದ್ದಳು.

ರಾಯರು ಲೇಖನಿ ಕೈಗೆತ್ತಿಕೊಂಡು ಕೇಳಿದರು: "ನಿನಗೆ ಪ್ರಾಯ ಎಷ್ಟು?"

"ಹದಿನೆಂಟು" ಎಂದ ಪ್ರೇಮನಾಥ.

ರಾಯರು ಸುಂದರಿಯ ಮುಖ ನೋಡಿದರು. "ಇವನ ಹೆರಿಗೆ ನೀನೇ ಮಾಡಿಸಿದ್ದಲ್ಲವಾ?"

"ನಾನೇ. ಆಟಿ ತಿಂಗಳ ಜಡಿಮಳೆಯಲ್ಲಿ. ಹದಿನೆಂಟು ನಡೆಯುತ್ತಾ ಉಂಟು."

ಊರಿನವರು ಪ್ರಾಯ ಲೆಕ್ಕ ಹಾಕುವುದು ಹಾಗೆಯೇ. ಮಗು ಹುಟ್ಟಿದಾಗ ಒಂದನೆಯದು ನಡೆಯುತ್ತದೆ, ಒಂದು ತುಂಬಿದಾಗ ಎರಡನೆಯದು. ಕಾನೂನಿಗೆ ಬೇಕಾದದ್ದು ಹದಿನೆಂಟು ತುಂಬಿದ ಆಳು ಎಂಬುದು ರಾಯರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅಂದು ಜಗಲಿಯ ತುಂಬ ಜನ ಕೂತಿದ್ದರು, ಎದುರಿಗಿದ್ದವನಿಗೆ ಮೀಸೆ ಬಂದಿತ್ತು, ಅವರ ಕಿವಿಗೆ ಹದಿನೆಂಟು ಎಂಬ ಮಾತು ಬಿದ್ದಿತು, ಅದನ್ನೇ ಬರೆದರು. ಒಳಗೆ ರಿಜಿಸ್ಟ್ರಾರರೂ ಅದನ್ನೇ ಕೇಳಿದರು. ಎದುರಿಗೆ ಬಂದವನು ಮೈನರ್ ಎಂದು ಕಂಡರೆ ಅವರು ರಿಜಿಸ್ಟ್ರಿ ಮಾಡದೆ ಹಿಂದೆ ಕಳುಹಿಸಬೇಕಿತ್ತು. ಅವರಿಗೂ ಹಾಗೆ ಕಾಣಲಿಲ್ಲ. ಕ್ರಯಪತ್ರಕ್ಕೆ ಮೊಹರು ಬಿತ್ತು. ಸುಂದರಿ ಅದನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದಳು.

ಏಪ್ರಿಲಿನೊಳಗೆ ಹೊಳೆಬದಿಯಲ್ಲಿ ಮಣ್ಣಿನ ಗೋಡೆ ಎದ್ದಿತು. ಮುಳಿಹುಲ್ಲು ಹಾಸಿದರೆ ವರ್ಷ ವರ್ಷ ಬದಲಿಸಬೇಕು, ತಾನು ಸತ್ತ ಮೇಲೆ ಕಮಲಳಿಗೆ ಅದು ಆಗುವುದಿಲ್ಲ ಎಂದು ಸುಂದರಿ ಹಂಚೇ ಹೊದಿಸಿದಳು. ಮಗಳು ತೆವಳಿಕೊಂಡು ಹೋಗಿ ನೀರು ಮುಟ್ಟುವ ಹಾಗೆ ಬಾಗಿಲಿನಿಂದ ಹೊಳೆಗೆ ಇಳಿಜಾರು ಮಾಡಿಸಿದಳು. ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಸುವ ಗುಂಡಿಯೂ ಮನೆಯ ಪಕ್ಕದಲ್ಲೇ.

ಅದೇ ವರ್ಷದ ಕೊನೆಗೆ ಪ್ರೇಮನಾಥ ರಾಯರನ್ನು ಹುಡುಕಿಕೊಂಡು ಬಂದ. ಬೊಂಬಾಯಿಯ ಕೆಲಸಕ್ಕೆ ಬೇಕೆಂದು ಶಾಲೆಯಿಂದ ಸರ್ಟಿಫಿಕೇಟು ತಂದಿದ್ದನಂತೆ. ಅದರಲ್ಲಿ ಹುಟ್ಟಿದ ತಾರೀಕು ಇತ್ತು.

"ರಾಯರೇ, ಆ ದಿನ ನನಗೆ ಹದಿನೆಂಟು ತುಂಬಿರಲಿಲ್ಲ. ಹದಿನೇಳೂವರೆ ಆಗಿದ್ದದ್ದು. ಸುಂದರಿಯಕ್ಕನ ಕಾಗದಕ್ಕೆ ತೊಂದರೆ ಎಂತದಾದರೂ ಉಂಟಾ?"

ಅವನು ಆಗ ಒಳ್ಳೆಯ ಹುಡುಗನೇ ಆಗಿದ್ದ. ಮೋಸ ಮಾಡುವವನಾಗಿದ್ದರೆ ತಾನಾಗಿ ಬಂದು ಹೇಳುತ್ತಿರಲಿಲ್ಲ.

ತೊಂದರೆ ಉಂಟೆಂದು ರಾಯರಿಗೆ ತಿಳಿಯಿತು. ಆದರೆ ಅದಕ್ಕೊಂದು ದಾರಿ ಅವರಿಗೆ ಕೂಡಲೇ ಹೊಳೆಯಿತು. ಐದಾರು ವರ್ಷಗಳ ಹಿಂದೆ ಒಬ್ಬ ವಿಧವೆ ತನ್ನ ಚಿಕ್ಕ ಮಗನ ಜಾಗವನ್ನು ಮನೆಯ ಕಷ್ಟಕ್ಕಾಗಿ ಗಾರ್ಡಿಯನ್ ನೆಲೆಯಲ್ಲಿ ಮಾರಿದ್ದಳು. ಮಗ ದೊಡ್ಡವನಾದ ಮೇಲೆ ಕೊಂಡವರು ಅವನಿಂದ, ತಾಯಿ ಮಾಡಿದ ಕ್ರಯ ತನಗೆ ಒಪ್ಪಿಗೆ ಎಂದು ಬರೆಸಿಕೊಂಡಿದ್ದರು. ಆ ಕಾಗದ ಬರೆದವರು ರಾಯರೇ. ಅದರ ಮೇಲೆ ತಕರಾರು ಬಂದಾಗ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಅದೇ ಮಾದರಿ ಇಲ್ಲಿಗೂ ಆಗುತ್ತದೆ ಎಂದುಕೊಂಡರು. ಆಗ ತುಂಬಿರಲಿಲ್ಲ, ಈಗ ತುಂಬಿದೆ. ಈಗ ಒಪ್ಪಿದರೆ ಮುಗಿಯಿತು.

ಸುಂದರಿಗೆ ಹೇಳಿಕಳುಹಿಸಿದರು. ಅವಳು ಗಾಬರಿಯಿಂದ ಓಡಿ ಬಂದಳು. "ಮತ್ತೆ ಕ್ರಯಪತ್ರ ಮಾಡಬೇಕಾ ರಾಯರೇ? ಸ್ಟಾಂಪು ಕಾಗದಕ್ಕೆ ನನ್ನಲ್ಲಿ ಈಗ ಬಿಡಿಕಾಸಿಲ್ಲ."

"ಎಂತಕ್ಕೆ ಮತ್ತೆ? ಇವನು ದೊಡ್ಡವನಾಗಿದ್ದಾನೆ, ಮನಸ್ಸೂ ಉಂಟು. ಒಂದು ಒಪ್ಪಿಗೆ ಪತ್ರ ಸಾಕು. ಖರ್ಚು ಕಡಿಮೆ" ಎಂದರು ರಾಯರು. ಬರೆಯುವ ಕೂಲಿಯನ್ನೂ ಅವರು ತೆಗೆದುಕೊಳ್ಳಲಿಲ್ಲ.

ನಲವತ್ತೊಂದರ ಜನವರಿಯಲ್ಲಿ ಅದು ರಿಜಿಸ್ಟ್ರಿ ಆಯಿತು. ರಾಯರು ಬಹಳ ಅಚ್ಚುಕಟ್ಟಾಗಿ ಬರೆದಿದ್ದರು: 'ಸದರಿ ಕ್ರಯಪತ್ರ ಬರೆದುಕೊಟ್ಟ ಕಾಲದಲ್ಲಿ ನಾನು ಪ್ರಾಯಕ್ಕೆ ಬಂದಿರಲಿಲ್ಲವಾದರೂ ಈಗ ಪ್ರಾಯಪ್ರಬುದ್ಧನಾಗಿ ಸ್ವಂತ ಮನಸ್ಸಿನಿಂದ ಸದರಿ ಕ್ರಯವನ್ನು ಒಪ್ಪಿ ಸ್ಥಿರಪಡಿಸಿರುತ್ತೇನೆ.' ಪ್ರೇಮನಾಥ ಸಹಿ ಹಾಕಿದ. ಸುಂದರಿ ಅವನ ತಲೆ ನೇವರಿಸಿ, "ನನ್ನ ಕೈಯಲ್ಲಿ ಹುಟ್ಟಿದ್ದಕ್ಕೆ ಒಳ್ಳೆಯದೇ ಮಾಡಿದೆ ಮಗಾ" ಎಂದಳು. ಅವನು ಬೊಂಬಾಯಿಗೆ ಹೋದ.

ಆರು ವರ್ಷ ಅವಳು ಆ ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದಳು. ಹಾಕಿದ ತೆಂಗಿನ ಸಸಿಗಳು ಮೊದಲ ಹಿಂಗಾರ ಬಿಟ್ಟವು.

ಯುದ್ಧ ಮುಗಿಯುವ ಹೊತ್ತಿಗೆ ಪ್ರೇಮನಾಥ ಊರಿಗೆ ಮರಳಿದ. ಗುರುತೇ ಸಿಗದಷ್ಟು ಬದಲಾಗಿದ್ದ. ಎದೆಯಲ್ಲಿ ಕೆಮ್ಮು ಹೊಕ್ಕಿತ್ತು, ಬಾಯಿಂದ ಸಾರಾಯಿ ವಾಸನೆ. ಪುರಂದರ ಎಂಬ ಕೊಬ್ಬರಿ ವ್ಯಾಪಾರಿ ಅವನನ್ನು ತನ್ನ ಮಂಡಿಯಲ್ಲಿ ಮಲಗಲು ಬಿಟ್ಟ. ಪುರಂದರನಿಗೆ ದೋಣಿಯಿಂದ ಮಾಲು ಇಳಿಸಲು ಹೊಳೆಬದಿಯಲ್ಲಿ ಜಾಗ ಬೇಕಿತ್ತು. ಅವನು ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಜಾಗದ ಪೂರ್ವೋತ್ತರ ಹುಡುಕಿಸಿದ. ಕ್ರಯಪತ್ರ ಒಂದನ್ನೇ ನೋಡಿದ್ದರೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಅದರಲ್ಲಿ ಪ್ರಾಯ ಹದಿನೆಂಟು ಎಂದೇ ಇತ್ತು. ಅದರ ಹಿಂದೆಯೇ ರಾಯರ ಒಪ್ಪಿಗೆ ಪತ್ರ ಸಿಕ್ಕಿತು. ಪುರಂದರ ಅದರ ನಕಲು ತೆಗೆಸಿಕೊಂಡು ಮಂಗಳೂರಿನ ವಕೀಲರ ಹತ್ತಿರ ಹೋದ. ಬಂದವನೇ ಪ್ರೇಮನಾಥನಿಂದ ಅದೇ ಮೂವತ್ತು ಸೆಂಟ್ಸನ್ನು ತನ್ನ ಹೆಸರಿಗೆ ಕ್ರಯಕ್ಕೆ ಬರೆಸಿಕೊಂಡ. ಈ ಕಾಗದ ಬರೆಸಲು ಅವನು ರಾಯರ ಜಗಲಿಗೆ ಬರಲಿಲ್ಲ. ಹಣ ಕೈಗೆ ಬಂದ ಕೂಡಲೇ ಪ್ರೇಮನಾಥ ಮತ್ತೆ ರೈಲು ಹತ್ತಿದ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ನಲವತ್ತಾರರಲ್ಲಿ ಸುಂದರಿಗೆ ಸಮನ್ಸು ಬಂತು. ವಾದಿ ಪುರಂದರ, ಪ್ರತಿವಾದಿ ಸುಂದರಿ. ಜಾಗದ ಸ್ವಾಧೀನ ಬಿಡಿಸಿಕೊಡಬೇಕೆಂದು ದಾವೆ.

ರಾಯರು ಸಮನ್ಸನ್ನು ಓದಿ ನಕ್ಕರು. "ಹೆದರಬೇಡ ಸುಂದರಿ. ನಿನ್ನಲ್ಲಿ ಎರಡು ಕಾಗದ ಉಂಟು. ಅವನಲ್ಲಿ ಒಂದು, ಅದೂ ಈಚೆಗಿನದ್ದು." ಅವಳನ್ನು ಶಿವಸುಬ್ರಹ್ಮಣ್ಯ ವಕೀಲರ ಹತ್ತಿರ ತಾವೇ ಕರೆದುಕೊಂಡು ಹೋದರು. ವಕೀಲರು ರಾಯರಿಗಿಂತ ಚಿಕ್ಕವರು, ಮದರಾಸಿನಲ್ಲಿ ಕಾನೂನು ಓದಿ ಬಂದವರು. ಎರಡೂ ಕಾಗದವನ್ನು ಓದಿ, ಎರಡನೆಯದನ್ನು ಇನ್ನೊಮ್ಮೆ ಓದಿದರು.

"ಆ ದಿನ ಹೊಸ ಕ್ರಯ ಬರೆಸಲಿಲ್ಲವಾ?" ಎಂದರು ಕೊನೆಗೆ.

"ಒಪ್ಪಿಗೆ ಇತ್ತಲ್ಲ" ಎಂದರು ರಾಯರು.

ವಕೀಲರು, "ನೋಡುವ" ಎಂದಷ್ಟೇ ಹೇಳಿ ವಕಾಲತ್ತಿಗೆ ಸುಂದರಿಯ ಹೆಬ್ಬೆಟ್ಟು ಒತ್ತಿಸಿಕೊಂಡರು.

ವಿಚಾರಣೆ ನಡೆದದ್ದು ನಲವತ್ತೇಳರ ಮಾರ್ಚಿನಲ್ಲಿ. ಊರಿನ ಪಟೇಲರ ಜನನ ಪುಸ್ತಕ ಬಂತು, ಶಾಲೆಯ ಹಾಜರಿ ದಾಖಲೆ ಬಂತು. ಎರಡರಲ್ಲೂ ಸಾವಿರದ ಒಂಬೈನೂರ ಇಪ್ಪತ್ತೆರಡರ ಜುಲೈ. ಆಮೇಲೆ ಸುಂದರಿ ಸಾಕ್ಷಿಕಟ್ಟೆ ಹತ್ತಿದಳು. ಪುರಂದರನ ವಕೀಲರು ಅವಳೊಡನೆ ಬಹಳ ಮರ್ಯಾದೆಯಿಂದಲೇ ಮಾತಾಡಿದರು.

"ಪ್ರೇಮನಾಥ ಹುಟ್ಟಿದಾಗ ಮಗುವನ್ನು ಎತ್ತಿಕೊಂಡದ್ದು ಯಾರಮ್ಮ?"

"ನಾನೇ."

"ಯಾವ ವರ್ಷ, ನೆನಪುಂಟಾ?"

"ನನ್ನ ಕಮಲನಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಆಟಿಯಲ್ಲಿ ಹುಟ್ಟಿದ್ದು. ಆ ದಿನ ಹೊಳೆ ದಾಟಲು ದೋಣಿ ಬಿಟ್ಟಿರಲಿಲ್ಲ."

"ಜಾಗ ಕೊಳ್ಳುವಾಗ ಅವನ ಪ್ರಾಯ ನಿಮಗೆ ಗೊತ್ತಿತ್ತು. ಅವನೇನೂ ನಿಮ್ಮನ್ನು ಮೋಸ ಮಾಡಲಿಲ್ಲ."

"ಇಲ್ಲಪ್ಪ. ಅವನು ಎಂತ ಮೋಸ ಮಾಡುವುದು? ನನಗೆ ಗೊತ್ತಿಲ್ಲದ ಪ್ರಾಯವಾ ಅದು?"

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುನ್ಸೀಫರು ಬರೆದುಕೊಂಡರು. ಕಟ್ಟೆ ಇಳಿಯುವಾಗ ಸುಂದರಿ ರಾಯರ ಮುಖ ನೋಡಿದಳು, ತಾನು ಸರಿಯಾಗಿ ಹೇಳಿದೆನೇ ಎಂದು ಕೇಳುವವಳ ಹಾಗೆ.

ರಾಯರ ಸರದಿ ಬಂದಾಗ ಪುರಂದರನ ವಕೀಲರು ಒಪ್ಪಿಗೆ ಪತ್ರವನ್ನು ಅವರ ಕೈಗೇ ಕೊಟ್ಟು ಓದಿಸಿದರು. "ಪ್ರಾಯಕ್ಕೆ ಬಂದಿರಲಿಲ್ಲವಾದರೂ" ಎಂಬಲ್ಲಿಗೆ ಬಂದಾಗ, "ಅಷ್ಟು ಸಾಕು" ಎಂದರು. "ಈ ಕಾಗದದ ದಿನ ಪ್ರೇಮನಾಥನಿಗೆ ಹೊಸದಾಗಿ ಹಣ ಏನಾದರೂ ಕೊಟ್ಟದ್ದುಂಟಾ?"

"ಇಲ್ಲ. ಹಣ ಮೊದಲೇ ಕೊಟ್ಟಾಗಿತ್ತು."

"ಜಾಗವನ್ನು ಈ ಮೂಲಕ ಮಾರಿದ್ದೇನೆ, ಕೊಟ್ಟಿದ್ದೇನೆ ಎಂಬ ಮಾತು ಇದರಲ್ಲಿ ಎಲ್ಲಿಯಾದರೂ ಉಂಟಾ?"

ರಾಯರು ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದರು. ತಮ್ಮದೇ ಅಕ್ಷರ. "ಇಲ್ಲ" ಎಂದರು.

ಶಿವಸುಬ್ರಹ್ಮಣ್ಯ ವಕೀಲರು ತಮ್ಮಿಂದಾದಷ್ಟೂ ವಾದಿಸಿದರು. ಹುಡುಗ ರಿಜಿಸ್ಟ್ರಾರರ ಎದುರಿಗೆ ಹದಿನೆಂಟು ಎಂದು ಹೇಳಿದ್ದಾನೆ, ಈಗ ಅವನಿಂದ ಕೊಂಡವರು ಅದನ್ನು ಅಲ್ಲವೆನ್ನಬಾರದು ಎಂದರು. ದೊಡ್ಡವನಾದ ಮೇಲೆ ರಿಜಿಸ್ಟ್ರಿ ಕಾಗದದಲ್ಲಿ ಒಪ್ಪಿದ್ದಾನೆ ಎಂದರು. ಕೊನೆಗೆ, ಜಾಗ ಹೋಗುವುದಾದರೆ ಈ ಬಡವೆಗೆ ಕೊಟ್ಟ ಬೆಲೆಯನ್ನಾದರೂ, ಮನೆಯ ಬೆಲೆಯನ್ನಾದರೂ ಕೊಡಿಸಬೇಕು ಎಂದರು.

ತೀರ್ಪು ಬಂದದ್ದು ಎರಡು ವಾರ ಕಳೆದು. ಮುನ್ಸೀಫರು ಅದನ್ನು ಇಂಗ್ಲಿಷಿನಲ್ಲಿ ಓದಿದರು. ಸುಂದರಿ ಕೈಮುಗಿದುಕೊಂಡೇ ನಿಂತಿದ್ದಳು. ಓದಿ ಮುಗಿದ ಮೇಲೂ ಕೈ ಇಳಿಸಲಿಲ್ಲ.

"ಎಂತ ಹೇಳಿದರು?" ಎಂದು ಕೇಳಿದಳು.

"ಜಾಗ ಬಿಡಬೇಕಂತೆ" ಎಂದರು ವಕೀಲರು. "ಮೂರು ತಿಂಗಳು ಕೊಟ್ಟಿದ್ದಾರೆ. ಹಂಚು, ಮರ, ಬಾಗಿಲು ಕಳಚಿ ಕೊಂಡುಹೋಗಬಹುದು."

ಅವಳನ್ನು ಮನೆಗೆ ಕಳುಹಿಸಿದ ಮೇಲೆ ರಾಯರು ಒಬ್ಬರೇ ವಕೀಲರ ಕೋಣೆಗೆ ಹೋದರು.

"ಸ್ವಾಮಿ, ನನಗೆ ತಿಳಿಯುವ ಹಾಗೆ ಹೇಳಿ. ನಾನು ಬರೆದ ಇನ್ನೊಂದು ಕಾಗದವನ್ನು ಇದೇ ಕೋರ್ಟು ಒಪ್ಪಿತ್ತು. ಅದಕ್ಕೂ ಇದಕ್ಕೂ ಎಂತ ವ್ಯತ್ಯಾಸ?"

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಿ ತಾಯಿ ಗಾರ್ಡಿಯನ್ ಆಗಿ ಮಾರಿದ್ದು. ಅವಳು ಪ್ರಾಯಕ್ಕೆ ಬಂದವಳು. ಆ ಕ್ರಯ ಒಂದು ಕ್ರಯವೇ. ಮಗ ದೊಡ್ಡವನಾಗಿ ಬೇಡವೆಂದರೆ ಮುರಿಯಬಹುದು, ಬೇಕೆಂದರೆ ಒಪ್ಪಬಹುದು. ಇಲ್ಲಿ ಮಾರಿದವನೇ ಮೈನರ್. ಅವನು ಮಾಡಿಕೊಂಡ ಕರಾರು ಕರಾರೇ ಅಲ್ಲ. ಅರ್ಧ ಗಟ್ಟಿ, ಅರ್ಧ ಸಡಿಲ ಎಂದಲ್ಲ. ಮೊದಲ ದಿನದಿಂದಲೇ ಇಲ್ಲ. ಎಲ್ಲಕ್ಕಿಂತ ಮೇಲಿನ ಕೋರ್ಟು, ಪ್ರಿವಿ ಕೌನ್ಸಿಲು, ಇದನ್ನು ಹೇಳಿ ನಲವತ್ತು ವರ್ಷ ದಾಟಿತು. ಇಲ್ಲದೆ ಇರುವುದನ್ನು ದೊಡ್ಡವನಾದ ಮೇಲೆ ಒಪ್ಪುತ್ತೇನೆ ಎಂದರೆ ಎಂತದನ್ನು ಒಪ್ಪುವುದು ರಾಯರೇ?"

"ಅವನು ಹದಿನೆಂಟು ಎಂದು ಬಾಯಲ್ಲಿ ಹೇಳಿದ್ದನಲ್ಲ?"

"ಹೇಳಿದರೂ ಅಷ್ಟೇ. ಸುಳ್ಳು ಹೇಳಿದ್ದಕ್ಕೆ ಮೈನರ್ ಮೇಜರ್ ಆಗುವುದಿಲ್ಲ. ಅವನೇ ಮೋಸ ಮಾಡಿ, ಅವನೇ ಕೋರ್ಟಿಗೆ ಬಂದು ಕಾಗದ ರದ್ದು ಮಾಡಿ ಎಂದಿದ್ದರೆ, ತೆಗೆದುಕೊಂಡದ್ದನ್ನು ಹಿಂದೆ ಕೊಡು ಎನ್ನಬಹುದಿತ್ತೋ ಏನೋ. ಇಲ್ಲಿ ಬಂದವನು ಪುರಂದರ. ಮತ್ತೆ ಮೋಸ ಇಲ್ಲ ಎಂದು ಅವಳೇ ಹೇಳಿದಳು. ಮನೆಯ ಬೆಲೆಯೂ ಸಿಗಲಿಲ್ಲ. ಕಾಗದದಲ್ಲಿ ತೊಡಕುಂಟು ಎಂಬುದು ಅವಳಿಗೆ ಗೊತ್ತಿತ್ತು ಎನ್ನುವುದಕ್ಕೆ ನಿಮ್ಮ ಪತ್ರವೇ ಸಾಕ್ಷಿ ಎಂದರು ಮುನ್ಸೀಫರು."

ರಾಯರು ಕೇಳಬೇಕಾದ್ದನ್ನು ಕೇಳಿದರು.

"ಆ ದಿನ, ನಲವತ್ತೊಂದರಲ್ಲಿ, ಹೊಸ ಕ್ರಯ ಬರೆದಿದ್ದರೆ?"

"ಆ ಹೊತ್ತಿಗೆ ಅವನು ಮೇಜರ್. ಹೊಸದಾಗಿ ಬೆಲೆ ಎಂದು ಏನಾದರೂ ಕೈಗೆ ಕೊಟ್ಟು, ಹೊಸ ಕ್ರಯಪತ್ರ ರಿಜಿಸ್ಟ್ರಿ ಮಾಡಿಸಿದ್ದರೆ ಜಾಗ ಅವಳದ್ದು. ಚಿಕ್ಕವನಿದ್ದಾಗ ಕೊಟ್ಟ ಹಳೆಯ ಹಣ ಲೆಕ್ಕಕ್ಕೆ ಬರುವುದಿಲ್ಲ. ಹೊಸದು ಹತ್ತು ರೂಪಾಯಿಯಾದರೂ, ಅವನು ತಿಳಿದು ಒಪ್ಪಿದ್ದರೆ ಸಾಕಿತ್ತು." ವಕೀಲರು ತಡೆದು ಹೇಳಿದರು, "ಅವನಿಗೆ ಮನಸ್ಸೂ ಇತ್ತು ಆಗ."

ಹೌದು, ಮನಸ್ಸಿತ್ತು. ಅಂದು ಅವನು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಿದ್ದ.

ರಾಯರು ಮಂಗಳೂರಿನ ಸಬ್ ಕೋರ್ಟಿಗೆ ಅಪೀಲು ಹಾಕಿಸಿದರು. ಅದರ ಖರ್ಚಿಗೆ ಹೆಂಡತಿ ಮೂಕಾಂಬಿಕಾ ತನ್ನ ಎರಡು ಬಳೆ ಬಿಚ್ಚಿಕೊಟ್ಟಳು. ಸುಂದರಿ ತನ್ನ ಮಕ್ಕಳನ್ನು ಭೂಮಿಗೆ ಇಳಿಸಿದವಳು ಎಂದು ಅವಳು ಒಂದು ಮಾತೂ ಎದುರಾಡಲಿಲ್ಲ. ಅಪೀಲು ಬಿದ್ದುಹೋಯಿತು.

ಮನೆ ಬಿಚ್ಚುವ ದಿನ ಕೋರ್ಟಿನ ಅಮೀನ ಬಂದು ಕೊಡೆ ಹಿಡಿದು ನಿಂತಿದ್ದ. ಹಂಚು ಇಳಿಸಲು ದೋಣಿ ನಡೆಸುವ ಕುಂಞ ಮತ್ತೆ ಇಬ್ಬರು ಬಂದಿದ್ದರು. ಮೂವರೂ ಸುಂದರಿಯ ಕೈಯಲ್ಲಿ ಹುಟ್ಟಿದವರೇ. ಗೋಡೆಗಳು ಬಿಸಿಲಿಗೆ ಬರಿದಾಗಿ ನಿಂತವು. ಕಮಲ ಅಂಗಳದಲ್ಲಿ ಕೂತು ಕೊನೆಯ ಹುರಿಯನ್ನು ಸುತ್ತುತ್ತಿದ್ದಳು. ಸಿಪ್ಪೆಗುಂಡಿಯಲ್ಲಿ ಕೊಳೆಯಲು ಹಾಕಿದ್ದು ಹಾಗೆಯೇ ಇತ್ತು, ಅದನ್ನು ತೆಗೆಯಲು ಇನ್ನೂ ನಾಲ್ಕು ತಿಂಗಳು ಬೇಕು.

ಸುಂದರಿ ರಾಯರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ನನ್ನ ನಾಲಿಗೆಯೇ ನನಗೆ ಶತ್ರುವಾಯಿತು ರಾಯರೇ. ಅವನು ಹುಟ್ಟಿದ ದಿನ ನೆನಪಿಲ್ಲ ಎಂದಿದ್ದರೆ ಆಗುತ್ತಿತ್ತು. ಆ ಕಟ್ಟೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ಈ ಹೆಳವಿಯ ಸೂರನ್ನು ನಾನೇ ಕಿತ್ತೆ."

ಆಗ ರಾಯರು ಹೇಳಬೇಕಿತ್ತು. ನೀನು ಹೇಳದಿದ್ದರೂ ಪಟೇಲರ ಪುಸ್ತಕ ಇತ್ತು, ಶಾಲೆಯ ದಾಖಲೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಾನು ಬರೆದ ಕಾಗದವೇ ಇತ್ತು. ತಪ್ಪು ನನ್ನದು, ಒಂದು ಹೊಸ ಕ್ರಯ ಬರೆದಿದ್ದರೆ ಸಾಕಿತ್ತು. ಆದರೆ ಸುತ್ತ ಜನ ನಿಂತಿದ್ದರು. ಕುಂಞ ಏಣಿಯ ಮೇಲಿನಿಂದ, "ಪುರಂದರ ಶೆಟ್ಟಿ ಮುನ್ಸೀಫರಿಗೆ ದುಡ್ಡು ತಿನ್ನಿಸಿದ್ದಾನೆ, ಮತ್ತೆಂತ" ಎಂದು ಕೂಗಿದ. ಕೆಳಗಿದ್ದವರು ಹೌದೆಂದು ತಲೆಯಾಡಿಸಿದರು. ರಾಯರು ಅದನ್ನೂ ಅಲ್ಲವೆನ್ನಲಿಲ್ಲ.

"ನಮ್ಮ ಹಿತ್ತಿಲಿಗೆ ಬಾ ಸುಂದರಿ. ಕೊಟ್ಟಿಗೆಯ ಪಕ್ಕ ಜಾಗ ಉಂಟು" ಎಂದರು ಅಷ್ಟೇ.

"ಬೇಡ ರಾಯರೇ. ನಿಮಗೂ ನನ್ನಿಂದ ಸಾಕಷ್ಟು ಖರ್ಚಾಯಿತು" ಎಂದಳು ಅವಳು. ಹಂಚುಗಳನ್ನು ಸಿಕ್ಕ ಬೆಲೆಗೆ ಮಾರಿ, ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು, ವರ್ಕಾಡಿಯಲ್ಲಿದ್ದ ತಮ್ಮನ ಮನೆಗೆ ಹೋದಳು.

ರಾಯರು ಜಗಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಊಟ ಇರಲಿಲ್ಲ. ಆದರೆ ಬರೆಯುವುದು ನಿಧಾನವಾಯಿತು. ಪ್ರಾಯ ಕೇಳುವಲ್ಲಿಗೆ ಬಂದಾಗ ಕೈ ನಿಲ್ಲುತ್ತಿತ್ತು. ಮೂವತ್ತು ದಾಟಿದವರನ್ನೂ ಹುಟ್ಟಿದ ತಾರೀಕಿಗೆ ಶಾಲೆಯ ಚೀಟಿ ತನ್ನಿ ಎಂದು ಹಿಂದೆ ಕಳುಹಿಸಿದರು. ಜನ ಬೇಸತ್ತು ಪಕ್ಕದವರ ಹತ್ತಿರ ಹೋಗತೊಡಗಿದರು. ಒಂದು ದಿನ ಪಕ್ಕದಲ್ಲಿ ಕೂರುವ ಮಹಾಬಲ ತಾನು ಬರೆಯುತ್ತಿದ್ದ ಒಪ್ಪಿಗೆ ಪತ್ರವೊಂದನ್ನು ತೋರಿಸಿ ಒಕ್ಕಣೆ ಸರಿಯುಂಟಾ ಎಂದು ಕೇಳಿದ. ಮೈನರ್ ಆಗಿದ್ದಾಗ ಮಾಡಿದ ಕ್ರಯಕ್ಕೆ ದೊಡ್ಡವನಾದ ಮೇಲಿನ ಒಪ್ಪಿಗೆ. ರಾಯರು ಆ ಸ್ಟಾಂಪು ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡರು. "ಇದನ್ನು ಬರೆಯಬೇಡ ಮಾರಾಯ. ಇದು ನಿಲ್ಲುವುದಿಲ್ಲ. ಹೊಸ ಬೆಲೆ ಕೊಡಿಸು, ಹೊಸ ಕ್ರಯ ಬರೆ" ಎಂದು ಇಡೀ ಜಗಲಿ ತಿರುಗಿ ನೋಡುವ ಹಾಗೆ ಕೂಗಿದರು. ಮಹಾಬಲನಿಗೆ ಅರ್ಥವಾಯಿತು. ಅವನು ಹಾಗೆಯೇ ಬರೆದ. ಆದರೆ ಆ ಮಾತು ಸುಂದರಿಯ ಕಿವಿಗೆ ಮುಟ್ಟುವ ದಾರಿ ಇರಲಿಲ್ಲ. ಅಷ್ಟು ದೂರ ಹೋಗಿ ಹೇಳುವ ಧೈರ್ಯ ರಾಯರಿಗೆ ಬರಲಿಲ್ಲ. ನಾಳೆಯ ರೈಲಿಗೆ ಹೋಗುತ್ತೇನೆ, ಮಳೆ ಕಳೆದು ಹೋಗುತ್ತೇನೆ ಎಂದುಕೊಳ್ಳುತ್ತಾ ನಾಲ್ಕು ವರ್ಷ ಹೋಯಿತು.

ಸುಂದರಿ ಸತ್ತ ಸುದ್ದಿ ಬಂದದ್ದು ಐವತ್ತೊಂದರಲ್ಲಿ, ಅವಳು ಸತ್ತು ಎರಡು ತಿಂಗಳಾದ ಮೇಲೆ.

ರಾಯರು ಬೆಳಗಿನ ರೈಲಿನಲ್ಲಿ ಮಂಜೇಶ್ವರಕ್ಕೆ ಹೋಗಿ, ಅಲ್ಲಿಂದ ನಡೆದು, ಮಧ್ಯಾಹ್ನದ ಬಿಸಿಲಿಗೆ ವರ್ಕಾಡಿ ಮುಟ್ಟಿದರು. ತಮ್ಮನ ಮನೆಯ ಹಿಂದೆ ದನದ ಹಟ್ಟಿಗೆ ತಾಗಿದ ಮಾಡಿನ ಕೆಳಗೆ ಕಮಲ ಕೂತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಬೀಡಿ ಎಲೆ, ಹೊಗೆಸೊಪ್ಪು. ಇಪ್ಪತ್ತೆಂಟರ ಹೆಣ್ಣಿಗೆ ತಲೆ ಅರ್ಧ ನರೆತಿತ್ತು. ಅವಳು ರಾಯರನ್ನು ಗುರುತಿಸಿ ಕೂರಲು ಒಂದು ಗೋಣಿ ತಳ್ಳಿದಳು.

ರಾಯರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಕಾನೂನು ಎಂತ, ತಾನು ಬರೆದದ್ದು ಎಂತ, ಬರೆಯಬೇಕಾದದ್ದು ಎಂತ, ಎಲ್ಲವನ್ನೂ. ಅವಳ ತಾಯಿ ಕೋರ್ಟಿನಲ್ಲಿ ಹೇಳಿದ್ದರಿಂದ ಜಾಗ ಹೋಗಲಿಲ್ಲ, ಹೇಳದಿದ್ದರೂ ಜಾಗ ಹೋಗುತ್ತಿತ್ತು ಎಂಬುದನ್ನು ಎರಡು ಸಲ ಹೇಳಿದರು.

ಕಮಲಳ ಕೈ ನಿಂತಿತು.

"ಇದನ್ನು ಅಮ್ಮನಿಗೆ ಹೇಳಿದ್ದುಂಟಾ?"

"ಇಲ್ಲ."

"ಯಾವಾಗ ಗೊತ್ತಾದದ್ದು ನಿಮಗೆ?"

"ತೀರ್ಪು ಬಂದ ದಿನವೇ."

ಅವಳು ಮೊರವನ್ನು ಕೆಳಗಿಟ್ಟಳು. "ಅಮ್ಮ ಮತ್ತೆ ಯಾರ ಹೆರಿಗೆಗೂ ಹೋಗಲಿಲ್ಲ ರಾಯರೇ. ಇಲ್ಲಿ ಕರೆಯಲು ಬರ್ತಿದ್ದರು. ನನ್ನ ಕೈಯಲ್ಲಿ ಹುಟ್ಟಿದ್ದರ ದಿನ ನನಗೆ ಮರೆಯುವುದಿಲ್ಲ, ಅದು ಒಳ್ಳೆಯದಲ್ಲ ಅಂತ ಹೇಳಿ ವಾಪಸು ಕಳುಹಿಸ್ತಿದ್ದಳು. ಕೊನೆಗೆ ಜ್ವರದಲ್ಲಿಯೂ ನನಗೆ ಕೈಮುಗಿದಳು, ತಪ್ಪಾಯ್ತು ಅಂತ. ನಾನು ಅವಳ ಮಗಳು. ನನಗೆ ಕೈಮುಗಿದಳು."

ರಾಯರು ಜೇಬಿನಿಂದ ಒಂದು ಲಕೋಟೆ ತೆಗೆದು ಅವಳ ಮುಂದಿಟ್ಟರು. ಮೂರು ವರ್ಷದಿಂದ ಕೂಡಿಟ್ಟ ಹಣ ಅದು. ಕಮಲ ಅದನ್ನು ತೆಗೆದುಕೊಂಡಳು. ಬೇಡ ಎನ್ನುವಷ್ಟು ಅನುಕೂಲ ಅವಳಿಗಿರಲಿಲ್ಲ. ಅದನ್ನು ಗೋಣಿಯ ಕೆಳಗೆ ಸರಿಸಿಟ್ಟು, ಅವರ ಮುಖ ನೋಡದೆ ಹೇಳಿದಳು:

"ಇನ್ನು ಬರುವುದು ಬೇಡ ನೀವು."

ಬಂದ ದಾರಿಯಲ್ಲೇ ನಡೆದು ರಾಯರು ಮಂಜೇಶ್ವರಕ್ಕೆ ಬಂದರು. ಗಾಡಿ ಬರಲು ಇನ್ನೂ ಎರಡು ಗಂಟೆ ಇತ್ತು. ಪ್ಲಾಟ್‌ಫಾರಮಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ, ಕಾಸರಗೋಡಿನಲ್ಲಿ ದಸ್ತಾವೇಜು ಚೆನ್ನಾಗಿ ಬರೆಯುವವರು ಯಾರಾದರೂ ಗೊತ್ತುಂಟಾ, ಮಗಳ ಹೆಸರಿಗೆ ಸ್ವಲ್ಪ ಜಾಗ ಮಾಡಬೇಕಿತ್ತು ಎಂದು ಕೇಳಿದ. ರಾಯರು ಮಹಾಬಲನ ಹೆಸರು ಹೇಳಿದರು.